ನೋವಿಲ್ಲದ ಗಾಯ ಯಾಕೆ ಮಾಯುವುದಿಲ್ಲ?

ಮೊದಲು ಒಂದು ಸಣ್ಣ ಪ್ರಯೋಗ. ಒಂದು ಒಣ ಕಡಲೆಕಾಳನ್ನು ನಿಮ್ಮ ಬೂಟಿನೊಳಗೆ, ಹೆಬ್ಬೆರಳಿನ ಬುಡ ಬರುವ ಜಾಗದಲ್ಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆಯಿರಿ. (ಸಕ್ಕರೆ ಕಾಯಿಲೆ ಇರುವವರು ಈ ಪ್ರಯೋಗ ಮಾಡಬಾರದು.) ಏನಾಯ್ತು? ಎರಡನೇ ಹೆಜ್ಜೆಗೇ ನೀವು ಪಾದವನ್ನು ಓರೆ ಮಾಡಿ ಇಟ್ಟಿರುತ್ತೀರಿ. ಐದನೇ ಹೆಜ್ಜೆಗೆ ಕುಂಟಲು ಶುರು. ಹತ್ತನೆಯದಕ್ಕೆ ಮುಂಚೆ ಕೂತು ಬೂಟು ಬಿಚ್ಚಬೇಕು ಅನ್ನಿಸುತ್ತದೆ. ಕುಂಟಬೇಕು ಅಂತ ನಿಮಗೆ ಯಾರೂ ಹೇಳಿಕೊಡಲಿಲ್ಲ. ಅಂಗಾಲಿನ ನರಗಳು ಸುದ್ದಿ ಕಳಿಸಿದವು, ಕಾಲು ತಾನೇ ಭಾರವನ್ನು ಪಕ್ಕಕ್ಕೆ ಸರಿಸಿತು.

ಈಗ ಆ ಸುದ್ದಿ ಬರುವುದೇ ನಿಂತಿದೆ ಅಂದುಕೊಳ್ಳಿ. ಕಾಳು ಇದ್ದದ್ದು ನಿಮಗೆ ಸಂಜೆ ಬೂಟು ಬಿಚ್ಚಿದಾಗ ಗೊತ್ತಾಗುತ್ತದೆ. ಅಥವಾ ಸಾಕ್ಸಿಗೆ ರಕ್ತ ಅಂಟಿದ್ದನ್ನು ಯಾರಾದರೂ ನೋಡಿ ಹೇಳಿದಾಗ.

ನಮ್ಮ ದೊಡ್ಡಪ್ಪನಿಗೆ ಆದದ್ದು ಹೀಗೇ. ಹೊಸೂರಿನ ಹತ್ತಿರದ ಹಳ್ಳಿಯವರು, ಗುಲಾಬಿ ಹೂವಿನ ವ್ಯಾಪಾರ. ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಒಂದು ದಿನ ಬೆಳಗ್ಗೆ ಜಗಲಿಯ ಸಿಮೆಂಟಿನ ಮೇಲೆ ಕೆಂಪು ಚುಕ್ಕೆಗಳ ಸಾಲು ಕಂಡದ್ದು ಅವರ ಮೊಮ್ಮಗಳಿಗೆ. ಅವಳು ಒಂಬತ್ತನೇ ತರಗತಿ, ನಮ್ಮದೇ ಕನ್ನಡ ಶಾಲೆ. "ತಾತ, ಕಾಲು ತೋರಿಸಿ" ಅಂದಳು. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿಗೆ, ಒಂದು ದುಂಡನೆಯ ಹುಣ್ಣು. ಸುತ್ತ ಹಳದಿ ಬಣ್ಣದ ಜಡ್ಡು. ಚಪ್ಪಲಿ ತಿರುಗಿಸಿ ನೋಡಿದರೆ ಅಡಿಯಿಂದ ಒಂದು ಸಣ್ಣ ಮೊಳೆ ಮೇಲಕ್ಕೆ ಬಂದಿತ್ತು. "ನೋವೇ ಇಲ್ಲ ಕಣಮ್ಮ, ಏನೂ ಆಗಿಲ್ಲ" ಅಂತ ದೊಡ್ಡಪ್ಪ ಎದ್ದು ಮಾರ್ಕೆಟ್ಟಿಗೆ ಹೊರಟರು.

ಆ ಹುಣ್ಣು ಮಾಯಲು ಹದಿಮೂರು ವಾರ ಹಿಡಿಯಿತು. ಆ ಹುಡುಗಿ ಪ್ರತಿ ಭಾನುವಾರ ಅದನ್ನು ಅಳೆದು ಒಂದು ಗ್ರಾಫ್ ಪುಸ್ತಕದಲ್ಲಿ ಬರೆದಿಟ್ಟಳು. ಈ ಲೇಖನ ಆ ಪುಸ್ತಕದ ಕಥೆ.

ನರ ಸುಮ್ಮನಾದಾಗ

ಬೆನ್ನಿನಿಂದ ಹೊರಟು ಕಾಲ್ಬೆರಳಿನ ತುದಿ ಮುಟ್ಟುವ ನರದ ಎಳೆಗಳು ನಮ್ಮ ದೇಹದಲ್ಲೇ ಅತಿ ಉದ್ದವಾದವು, ಹೆಚ್ಚುಕಡಿಮೆ ಒಂದು ಮೀಟರ್. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಮೊದಲು ಕೆಡುವುದು ಈ ಉದ್ದನೆಯ ಎಳೆಗಳೇ. ಆದ್ದರಿಂದ ಸ್ಪರ್ಶ ಹೋಗುವುದು ಬೆರಳ ತುದಿಯಿಂದ ಶುರುವಾಗಿ ಕಾಲುಚೀಲ ತೊಟ್ಟ ಹಾಗೆ ಮೇಲಕ್ಕೆ ಏರುತ್ತದೆ.

ನರ ಕೆಟ್ಟರೆ ನೋವು ಮಾತ್ರ ಹೋಗುವುದಿಲ್ಲ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಹಕ್ಕಿಯ ಉಗುರಿನಂತೆ ಮಡಿಚಿಕೊಳ್ಳುತ್ತವೆ. ಬೆರಳ ಬುಡದ ಮೂಳೆಗಳು ಕೆಳಕ್ಕೆ ಚಾಚುತ್ತವೆ. ಬೆವರು ಬರುವುದು ನಿಂತು ಚರ್ಮ ಒಣಗಿ ಬಿರಿಯುತ್ತದೆ. ಮೂಳೆ ಚಾಚಿದ ಕಡೆ ಚರ್ಮ ದಪ್ಪಗಾಗಿ ಜಡ್ಡುಗಟ್ಟುತ್ತದೆ. ಜಡ್ಡು ಕಾಲನ್ನು ಕಾಪಾಡುತ್ತದೆ ಅಂತ ನಮಗೆ ಅನ್ನಿಸಬಹುದು. ಆದರೆ ಅದು ಬೂಟಿನೊಳಗಿನ ಕಡಲೆಕಾಳಿನ ಕೆಲಸವನ್ನೇ ಮಾಡುತ್ತದೆ. ಹೊರಗೆ ಗಟ್ಟಿ, ಒಳಗಿನ ಮೃದು ಮಾಂಸಕ್ಕೆ ಒತ್ತು. ಎಷ್ಟೋ ಸಲ ಹುಣ್ಣು ಮೊದಲು ಹುಟ್ಟುವುದು ಜಡ್ಡಿನ ಅಡಿಯಲ್ಲಿ. ಹೊರಗೆ ಕಾಣುವಾಗ ಅದು ಒಳಗೆ ಹಳೆಯದಾಗಿರುತ್ತದೆ.

ಸ್ಪರ್ಶ ಇದೆಯೋ ಇಲ್ಲವೋ ಅಂತ ನೋಡುವ ಪರೀಕ್ಷೆ ಬಹಳ ಸರಳ. ಒಂದು ಕಡ್ಡಿಯ ತುದಿಗೆ ನೈಲಾನ್ ಎಳೆ ಸಿಕ್ಕಿಸಿರುತ್ತಾರೆ. 10 ಗ್ರಾಂ ಭಾರ ಬಿದ್ದಾಗ ಅದು ಬಾಗುತ್ತದೆ. ರೋಗಿ ಕಣ್ಣು ಮುಚ್ಚಿರಬೇಕು. ಅಂಗಾಲಿನ ಕೆಲವು ಕಡೆ ಎಳೆಯನ್ನು ಬಾಗುವಷ್ಟು ಒತ್ತಿ "ಗೊತ್ತಾಯ್ತಾ?" ಅಂತ ಕೇಳುತ್ತಾರೆ. ದೊಡ್ಡಪ್ಪ ಕಣ್ಣು ಮುಚ್ಚಿ ಕೂತು, "ಯಾವಾಗ ಶುರು ಮಾಡ್ತೀರಾ ಡಾಕ್ಟ್ರೆ?" ಅಂತ ಕೇಳಿದರು. ಅಷ್ಟರಲ್ಲಿ ಪರೀಕ್ಷೆ ಮುಗಿದಿತ್ತು.

ಒಂದು ಲೆಕ್ಕ

ಒತ್ತಡ ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಇದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಈಗ ಅದನ್ನೇ ಪಾದಕ್ಕೆ ಹಾಕಿ ನೋಡೋಣ.

ದೊಡ್ಡಪ್ಪನ ತೂಕ 60 ಕಿಲೋ. ಒದ್ದೆ ಪಾದವನ್ನು ಗ್ರಾಫ್ ಹಾಳೆಯ ಮೇಲೆ ಊರಿಸಿ ನೆನೆದ ಚೌಕಗಳನ್ನು ಎಣಿಸಿದರೆ ದೊಡ್ಡವರ ಒಂದು ಪಾದಕ್ಕೆ ಸುಮಾರು 100 ಚದರ ಸೆಂಟಿಮೀಟರ್ ಬರುತ್ತದೆ. ಎರಡೂ ಕಾಲ ಮೇಲೆ ಸುಮ್ಮನೆ ನಿಂತಾಗ ಒಂದೊಂದು ಪಾದಕ್ಕೆ 30 ಕಿಲೋ. ಹಂಚಿದರೆ ಒಂದು ಚದರ ಸೆಂಟಿಮೀಟರಿಗೆ 300 ಗ್ರಾಂ. ಇದನ್ನು ಚರ್ಮ ತಾಳುತ್ತದೆ.

ನಡೆಯುವಾಗ ಹಾಗಲ್ಲ. ಮುಂದಿನ ಹೆಜ್ಜೆಗೆ ಹಿಮ್ಮಡಿ ಎದ್ದ ಕ್ಷಣದಲ್ಲಿ ಇಡೀ ಭಾರ ಒಂದೇ ಕಾಲಿನ ಮುಂಭಾಗದ ಮೇಲಿರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು, ಅಂದರೆ 20 ಕಿಲೋ, ಹೆಬ್ಬೆರಳ ಬುಡದ ಮೂಳೆಯ ಕೆಳಗಿನ 4 ಚದರ ಸೆಂಟಿಮೀಟರ್ ಮೇಲೆ ಬಿತ್ತು ಅನ್ನಿ. ಒಂದು ಚದರ ಸೆಂಟಿಮೀಟರಿಗೆ 5 ಕಿಲೋ ಆಯ್ತು. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಐದು ಕಿಲೋ ಅಕ್ಕಿಯ ಚೀಲ ಇಟ್ಟ ಹಾಗೆ. ಪಾಸ್ಕಲ್ ಲೆಕ್ಕದಲ್ಲಿ ಇದು ಸುಮಾರು 490 ಕಿಲೋಪಾಸ್ಕಲ್. ಸ್ಪರ್ಶ ಹೋದ ಕಾಲಿಗೆ ಚಪ್ಪಲಿ ಮಾಡಿಸುವಾಗ ಒಳಗಿನ ಒತ್ತಡ 200 ಕಿಲೋಪಾಸ್ಕಲ್‌ಗಿಂತ ಕಡಿಮೆ ಇರಬೇಕು ಅಂತ ತಜ್ಞರು ನೋಡುತ್ತಾರೆ. ಅದರ ಎರಡರಷ್ಟಕ್ಕೂ ಹೆಚ್ಚು ಒತ್ತಡ ಒಂದು ಹುಣ್ಣಿನ ಮೇಲೆ, ಪ್ರತಿ ಹೆಜ್ಜೆಗೂ ಬೀಳುತ್ತಿದೆ.

ಹುಣ್ಣಿನೊಳಗೆ ಏನಾಗುತ್ತದೆ

ಗಾಯ ಮಾಯುವುದನ್ನು ಗೋಡೆ ಕಟ್ಟುವ ಕೆಲಸ ಅಂದುಕೊಳ್ಳಿ. ಮೊದಲು ಬಿಳಿ ರಕ್ತಕಣಗಳು ಬಂದು ಕಸ ಗುಡಿಸುತ್ತವೆ. ಆಮೇಲೆ ತಳದಲ್ಲಿ ಕೆಂಪಗೆ, ಹರಳು ಹರಳಾಗಿ ಹೊಸ ಮಾಂಸ ತುಂಬುತ್ತದೆ. ಅದರೊಳಗೆ ಕೂದಲಿಗಿಂತ ಸಣ್ಣ ಹೊಸ ರಕ್ತನಾಳಗಳು ಇರುತ್ತವೆ. ಕೊನೆಗೆ ಅಂಚಿನಿಂದ ಚರ್ಮದ ಜೀವಕೋಶಗಳು ಒಂದೊಂದಾಗಿ ಆ ಕೆಂಪು ನೆಲದ ಮೇಲೆ ತೆವಳಿಕೊಂಡು ಒಳಕ್ಕೆ ಬರುತ್ತವೆ. ಎಲ್ಲ ಕಡೆಯಿಂದ ಬಂದವು ನಡುವೆ ಸೇರಿದ ದಿನ ಗಾಯ ಮುಚ್ಚಿತು ಅಂತ ಲೆಕ್ಕ.

ಇದರ ಮೇಲೆ ಒಂದು ಹೆಜ್ಜೆ ಬಿದ್ದರೆ? ಸಣ್ಣ ರಕ್ತನಾಳಗಳ ಒಳಗಿನ ಒತ್ತಡ ಬರೀ 4 ಕಿಲೋಪಾಸ್ಕಲ್ ಆಸುಪಾಸು. ಮೇಲಿಂದ ನೂರು ಪಟ್ಟು ಹೆಚ್ಚು ಒತ್ತಡ ಬಿದ್ದಾಗ ಅವು ಚಪ್ಪಟೆಯಾಗುತ್ತವೆ, ರಕ್ತ ನಿಲ್ಲುತ್ತದೆ. ಕಾಲು ಎತ್ತಿದಾಗ ಮತ್ತೆ ಹರಿಯುತ್ತದೆ, ನಿಜ. ಆದರೆ ಪಾದ ನೆಲದ ಮೇಲೆ ಒತ್ತುವುದಷ್ಟೇ ಅಲ್ಲ, ಸ್ವಲ್ಪ ಜಾರುತ್ತದೆ ಕೂಡ. ಆ ಜಾರು ಎಳೆತಕ್ಕೆ ಹೊಸ ರಕ್ತನಾಳ ಹರಿಯುತ್ತದೆ, ತೆವಳಿ ಬರುತ್ತಿದ್ದ ಜೀವಕೋಶಗಳ ತೆಳು ಪದರ ಕಿತ್ತುಬರುತ್ತದೆ. ಹೊಸದಾಗಿ ಜಜ್ಜಿದ್ದನ್ನು ಗುಡಿಸಲು ಬಿಳಿ ರಕ್ತಕಣಗಳು ಮತ್ತೆ ಬರಬೇಕು. ಹೀಗೆ ಗಾಯ ಮೊದಲನೇ ಹಂತದಲ್ಲೇ ಸುತ್ತುತ್ತಿರುತ್ತದೆ. ಹಗಲು ಕಟ್ಟಿದ ಗೋಡೆಯನ್ನು ಸಂಜೆ ಒದ್ದು ಬೀಳಿಸಿ, ಮರುದಿನ ಮತ್ತೆ ಕಸ ಗುಡಿಸುವುದರಿಂದ ಶುರು ಮಾಡಿದ ಹಾಗೆ. ಅದರ ಜೊತೆಗೆ ಅಂಚಿನಲ್ಲಿ ಜಡ್ಡು ಬೆಳೆಯುತ್ತದೆ, ಒತ್ತಡ ಇನ್ನೂ ಹೆಚ್ಚುತ್ತದೆ. ಒಳಗೆ ಕೀವು ಇದ್ದರೆ ಪ್ರತಿ ಹೆಜ್ಜೆಯೂ ಅದನ್ನು ಪಾದದ ಒಳಪದರಗಳಿಗೆ ಪಂಪಿನಂತೆ ತಳ್ಳುತ್ತದೆ. ಸೋಂಕು ಮೂಳೆ ಮುಟ್ಟಿದರೆ ಬೆರಳನ್ನೋ ಕಾಲನ್ನೋ ತೆಗೆಯಬೇಕಾದ ಹೊತ್ತು ಬರಬಹುದು.

ನಿಮ್ಮ ಅಂಗಾಲಿಗೆ ಇಷ್ಟೇ ದೊಡ್ಡ ಗಾಯವಾದರೆ ಕೆಲವೇ ವಾರಗಳಲ್ಲಿ ಮಾಯುತ್ತದೆ. ಯಾಕೆಂದರೆ ನೀವು ಕುಂಟುತ್ತೀರಿ. ದೊಡ್ಡಪ್ಪನ ಕಾಲಿಗೆ ಕುಂಟಲು ಬರುವುದಿಲ್ಲ.

ಗ್ರಾಫ್ ಪುಸ್ತಕದ ಮೊದಲ ಪುಟ

ಮೊದಲ ಮೂರು ವಾರ ದೊಡ್ಡಪ್ಪ ಊರಿನ ಹತ್ತಿರ ದಿನಾ ಡ್ರೆಸ್ಸಿಂಗ್ ಮಾಡಿಸಿಕೊಂಡು, ಹಾಗೇ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮೊಮ್ಮಗಳು ಗಾಯವನ್ನು ಮುಟ್ಟದೆ, ಪಕ್ಕದಲ್ಲಿ ಸ್ಕೇಲು ಹಿಡಿದು ಅತಿ ಉದ್ದ ಮತ್ತು ಅತಿ ಅಗಲ ಅಳೆದು ಗುಣಿಸುತ್ತಿದ್ದಳು. ಮೊದಲ ವಾರ 20 ಮಿಲಿಮೀಟರ್ ಉದ್ದ, 15 ಅಗಲ, ಒಟ್ಟು 300. ಎರಡನೇ ವಾರ 320. ಮೂರನೇ ವಾರ 336. ದಿನಾ ಹೊಸ ಬಟ್ಟೆ, ಆದರೂ ಗಾಯ ದೊಡ್ಡದಾಗುತ್ತಿದೆ. "ಅತ್ತೆ, ಮುಲಾಮು ಬದಲಾಯಿಸಬೇಕಾ?" ಅಂತ ನನ್ನನ್ನು ಕೇಳಿದಳು. ಮುಲಾಮಿನ ಪ್ರಶ್ನೆಯೇ ಅಲ್ಲ ಅಂತ ಅನ್ನಿಸಿ ಅವರನ್ನು ಪಾದದ ಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿ ಡಾಕ್ಟ್ರು ಮೊದಲು ನೋಡಿದ್ದು ಎರಡು ವಿಷಯ. ಪಾದದ ಮೇಲ್ಭಾಗದಲ್ಲಿ ಮತ್ತು ಒಳಗಣ್ಣಿನ ಹಿಂದೆ ಬೆರಳಿಟ್ಟು ನಾಡಿ ಬಡಿಯುತ್ತಿದೆಯಾ ಅಂತ ನೋಡಿದರು. ಬಡಿಯುತ್ತಿತ್ತು. ರಕ್ತದ ಹರಿವೇ ಇಲ್ಲದಿದ್ದರೆ ಮೊದಲು ಅದಕ್ಕೆ ದಾರಿ ಮಾಡಬೇಕು, ಬರೀ ಭಾರ ಇಳಿಸಿ ಉಪಯೋಗವಿಲ್ಲ. ಆಮೇಲೆ ಮೊಂಡ ತುದಿಯ, ಶುದ್ಧ ಮಾಡಿದ ಲೋಹದ ಕಡ್ಡಿಯನ್ನು ಹುಣ್ಣಿನೊಳಗೆ ಮೆಲ್ಲಗೆ ಇಳಿಸಿದರು. ಕಡ್ಡಿ ಗಟ್ಟಿಯಾದ ಮೂಳೆಗೆ ತಾಗಿದರೆ ಸೋಂಕು ಮೂಳೆಗೆ ಹೋಗಿರುವ ಅನುಮಾನ. ತಾಗಲಿಲ್ಲ. ದೊಡ್ಡಪ್ಪನ ಅದೃಷ್ಟ ಅಂದರೆ ಇದು.

ನಂತರ ಡಾಕ್ಟ್ರು ಚಿಕ್ಕ ಬ್ಲೇಡಿನಿಂದ ಸುತ್ತಲಿನ ಜಡ್ಡನ್ನೂ ಸತ್ತ ಮಾಂಸವನ್ನೂ ಹೆರೆದು ತೆಗೆದರು. ಬರೀ ಜಡ್ಡು ತೆಗೆದರೇ ಆ ಜಾಗದ ಒತ್ತಡ ಕಾಲು ಭಾಗದಷ್ಟು ಕಡಿಮೆಯಾದದ್ದನ್ನು ಅಳೆದು ತೋರಿಸಿದ ಅಧ್ಯಯನವಿದೆ. ಮನೆಗೆ ಬಂದು ಅಳೆದರೆ 24 ಉದ್ದ, 18 ಅಗಲ, ಅಂದರೆ 432. ಹುಡುಗಿ ಗಾಬರಿಯಾದಳು. ಆದರೆ ಗಾಯ ದೊಡ್ಡದಾಗಿರಲಿಲ್ಲ, ಜಡ್ಡಿನ ಅಡಿಯಲ್ಲಿ ಅಡಗಿದ್ದದ್ದು ಬಯಲಾಗಿತ್ತು. ಈ ಕೆಲಸವನ್ನು ಮನೆಯಲ್ಲಿ ಬ್ಲೇಡು ಹಿಡಿದು ಯಾರೂ ಮಾಡಬಾರದು. ನೋವು ಗೊತ್ತಾಗದ ಕಾಲಿನಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಯಾರು?

ಬಟ್ಟೆ ಕಟ್ಟುವುದು ಹೇಗೆ

ಮನೆಯಲ್ಲಿ ಡ್ರೆಸ್ಸಿಂಗ್ ಮಾಡಲು ನರ್ಸ್ ದೊಡ್ಡಮ್ಮನಿಗೆ ಹೇಳಿಕೊಟ್ಟರು. ಸೋಪಿನಿಂದ ಕೈ ತೊಳೆಯುವುದು ಮೊದಲು. ಹಳೆಯ ಬಟ್ಟೆ ಬಿಚ್ಚಿ, ಎಸೆಯುವ ಮುಂಚೆ ಅದನ್ನು ನೋಡಬೇಕು. ತಿಳಿಯಾದ ನೀರಿನ ಕಲೆಯಾದರೆ ಸರಿ. ಹಸಿರು ಹಳದಿ ಕೀವು, ದುರ್ವಾಸನೆ ಇದ್ದರೆ ಅಪಾಯ. ಬಟ್ಟೆ ಅಂಟಿಕೊಂಡಿದ್ದರೆ ಕಿತ್ತು ಎಳೆಯಬಾರದು, ಸಲೈನ್ ಹಾಕಿ ನೆನೆಸಿ ಬಿಡಿಸಬೇಕು. ಕಿತ್ತರೆ ಹೊಸ ಚರ್ಮವೂ ಜೊತೆಗೆ ಬರುತ್ತದೆ.

ಗಾಯವನ್ನು ಸಲೈನ್ ಸುರಿದು ತೊಳೆಯಬೇಕು. ಸಲೈನ್ ಅಂದರೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ನಮ್ಮ ರಕ್ತದಷ್ಟೇ ಉಪ್ಪುಪ್ಪು. ಆದ್ದರಿಂದ ಜೀವಕೋಶಗಳು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಇವು ಕ್ರಿಮಿಯ ಜೊತೆಗೆ ಹೊಸ ಜೀವಕೋಶವನ್ನೂ ಕೊಲ್ಲುತ್ತವೆ. ಅರಿಶಿನ, ಕಾಫಿಪುಡಿ ತುಂಬಿದರೆ ಗಾಯದ ತಳ ಕಾಣುವುದೇ ಇಲ್ಲ. ಬಿಸಿನೀರಿನಲ್ಲಿ ಕಾಲು ಇಟ್ಟುಕೊಂಡು ಕೂರುವುದೂ ಬೇಡ. ನೀರು ಎಷ್ಟು ಬಿಸಿ ಅಂತ ಆ ಕಾಲಿಗೆ ತಿಳಿಯದು.

ತೊಳೆದ ಮೇಲೆ ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ, ಗಾಯದ ಮೇಲೆ ಅಂಟಿಕೊಳ್ಳದ ಜಾತಿಯ ಪ್ಯಾರಾಫಿನ್ ಗಾಜ್ ಇಟ್ಟು, ಅದರ ಮೇಲೆ ತೆಳುವಾದ ಗಾಜ್, ಆಮೇಲೆ ಬಿಗಿಯಿಲ್ಲದ ಬ್ಯಾಂಡೇಜು. "ಗಾಳಿಗೆ ಬಿಟ್ಟರೆ ಒಣಗಿ ವಾಸಿಯಾಗುತ್ತೆ" ಅಂತ ಹಿರಿಯರು ಹೇಳುತ್ತಾರಲ್ಲ? 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದ ಮೇಲೆ ಇದನ್ನು ಪರೀಕ್ಷಿಸಿದರು. ಗಾಳಿಗೆ ಬಿಟ್ಟು ಹಕ್ಕಳೆಗಟ್ಟಿದ ಗಾಯಕ್ಕಿಂತ, ತೆಳು ಪಾಲಿಥಿನ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹರಡಿತು. ತೆವಳುವ ಜೀವಕೋಶಗಳಿಗೆ ತೇವದ ನೆಲ ಬೇಕು. ಹಾಗಂತ ತೊಟ್ಟಿಕ್ಕುವಷ್ಟು ಒದ್ದೆ ಇದ್ದರೂ ಸುತ್ತಲಿನ ಚರ್ಮ ನೆಂದು ಬೆಳ್ಳಗಾಗಿ ಒಡೆಯುತ್ತದೆ. ಅಂಚು ಬಿಳಿಚಿಕೊಂಡು ಮೆತ್ತಗಾಗಿದ್ದರೆ ಬಟ್ಟೆ ಸಾಕಷ್ಟು ನೀರು ಹೀರುತ್ತಿಲ್ಲ ಅಂತ ಅರ್ಥ.

ಒಂದು ತಪ್ಪನ್ನು ನಾವೂ ಮಾಡಿದ್ದೆವು. "ಮೆತ್ತಗಿರಲಿ" ಅಂತ ಗಾಯದ ನೇರ ಕೆಳಗೆ ಹತ್ತಿಯ ದಪ್ಪ ಉಂಡೆ ಇಟ್ಟು ಕಟ್ಟಿದ್ದೆವು. ನಡೆದಾಗ ಅದು ಗಟ್ಟಿಯಾಗಿ, ಇನ್ನೊಂದು ಕಡಲೆಕಾಳು ಆಗುತ್ತದೆ. ಮೆತ್ತೆ ಬೇಕಿರುವುದು ಹುಣ್ಣಿನ ಕೆಳಗಲ್ಲ, ಸುತ್ತ. ಅದಕ್ಕಾಗಿಯೇ ಕೆಲವೊಮ್ಮೆ ಉಣ್ಣೆಯ ದಪ್ಪ ಫೆಲ್ಟ್ ಬಟ್ಟೆಯಲ್ಲಿ ಹುಣ್ಣಿನ ಜಾಗಕ್ಕೆ ಕಿಂಡಿ ಕತ್ತರಿಸಿ ಪಾದಕ್ಕೆ ಅಂಟಿಸುತ್ತಾರೆ.

ಭಾರ ಇಳಿಸುವ ಬೂಟು

ದೊಡ್ಡಪ್ಪನಿಗೆ ಮೊಣಕಾಲಿನ ತನಕ ಬರುವ, ಪಟ್ಟಿ ಎಳೆದು ಕಟ್ಟುವ ಬೂಟು ಕೊಟ್ಟರು. ಅದರಲ್ಲಿ ಕಣಕಾಲು ಮಡಿಚುವುದಿಲ್ಲ. ಹಿಮ್ಮಡಿ ಎತ್ತಿ ಬೆರಳ ಬುಡದಿಂದ ನೆಲವನ್ನು ಒದೆಯಲು ಆಗುವುದಿಲ್ಲ. ಅಡಿ ದೋಣಿಯಂತೆ ಬಾಗಿರುವುದರಿಂದ ಪಾದ ಉರುಳಿಕೊಂಡು ಮುಂದೆ ಹೋಗುತ್ತದೆ. ಭಾರದ ಒಂದು ಪಾಲನ್ನು ಮೀನಖಂಡ ಬೂಟಿನ ಗೋಡೆಗೆ ದಾಟಿಸುತ್ತದೆ. ಉಳಿದದ್ದು ಇಡೀ ಅಂಗಾಲಿಗೆ ಹಂಚಿಹೋಗುತ್ತದೆ. ಬಲ ಅಷ್ಟೇ, ವಿಸ್ತೀರ್ಣ ಹೆಚ್ಚಾಯಿತು. ನಿಮ್ಮ ಪಾಠದ ಸೂತ್ರ ಇಲ್ಲಿ ಬೂಟಿನ ರೂಪದಲ್ಲಿದೆ.

ಆದರೂ ಗ್ರಾಫ್ ಪುಸ್ತಕ ಏನು ಹೇಳಿತು? ಒಂದು ವಾರಕ್ಕೆ 391, ಎರಡಕ್ಕೆ 374. ತೆವಳುತ್ತಾ ಇಳಿಯುತ್ತಿದೆ. "ಬೂಟು ಹಾಕ್ತಿದ್ದೀರಾ?" ಅಂದರೆ "ಹಾಕ್ತಾ ಇದ್ದೀನಮ್ಮ, ಹೊರಗೆ ಹೋಗೋವಾಗ ಬಿಡೋದೇ ಇಲ್ಲ" ಅಂದರು. ಸುಳ್ಳಲ್ಲ. ಹುಡುಗಿ ಒಂದು ಭಾನುವಾರ ಏನೂ ಹೇಳದೆ ಅವರ ಹೆಜ್ಜೆ ಎಣಿಸಿದಳು. ಮಂಚದಿಂದ ಬಚ್ಚಲಿಗೆ 14 ಹೆಜ್ಜೆ, ಹೋಗಿ ಬಂದರೆ 28. ದಿನಕ್ಕೆ ಎಂಟು ಸಲ. ದೇವರ ಮನೆ, ಅಡುಗೆಮನೆ, ಜಗಲಿ. ಒಟ್ಟು 610 ಹೆಜ್ಜೆಯಲ್ಲಿ ಬೂಟು ಹಾಕಿದ್ದು 180 ಮಾತ್ರ. ಉಳಿದ 430ರಲ್ಲಿ ಅರ್ಧ, ಅಂದರೆ 215 ಹೆಜ್ಜೆ, ಬರಿಗಾಲಲ್ಲಿ ಹುಣ್ಣಿನ ಮೇಲೆ. "ಮನೆಯೊಳಗೆ ತಾನೇ" ಅಂತ ನಾವೆಲ್ಲ ಅಂದುಕೊಂಡಿದ್ದೆವು. ಹುಣ್ಣಿಗೆ ಮನೆ ಯಾವುದು, ಮಾರ್ಕೆಟ್ ಯಾವುದು ಅಂತ ಗೊತ್ತಿಲ್ಲ.

ಇದು ದೊಡ್ಡಪ್ಪನೊಬ್ಬರ ಕಥೆಯಲ್ಲ. ಅಮೆರಿಕದಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ರೋಗಿಗಳ ಸೊಂಟಕ್ಕೂ ಬೂಟಿಗೂ ಒಂದೊಂದು ಹೆಜ್ಜೆ ಎಣಿಸುವ ಯಂತ್ರ ಇಟ್ಟು ನೋಡಿದರು. ಅವರ 2003ರ ವರದಿಯ ಪ್ರಕಾರ ನಡೆದ ಹೆಜ್ಜೆಗಳಲ್ಲಿ ಬೂಟು ಹಾಕಿದ್ದು ಶೇಕಡ 28 ಮಾತ್ರ. ಅದಕ್ಕೂ ಮುಂಚೆ, 2001ರಲ್ಲಿ, ಅವರೇ ಮೂರು ಬಗೆಯ ಸಾಧನಗಳನ್ನು ಹೋಲಿಸಿದ್ದರು. ಹನ್ನೆರಡು ವಾರದಲ್ಲಿ ಬಿಚ್ಚಲಾಗದ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಸುಮಾರು ಶೇಕಡ 90 ಮಂದಿಯ ಹುಣ್ಣು ಮಾಯಿತು. ಬಿಚ್ಚಬಹುದಾದ ಬೂಟಿನವರಲ್ಲಿ ಶೇಕಡ 65, ಮುಂಭಾಗ ನೆಲಕ್ಕೆ ತಾಗದ ಅರ್ಧ ಚಪ್ಪಲಿಯವರಲ್ಲಿ ಶೇಕಡ 58. ಬೂಟು ಒತ್ತಡವನ್ನು ಪ್ಲಾಸ್ಟರಿನ ಹಾಗೆಯೇ ಇಳಿಸಬಲ್ಲದು. ಆದರೆ ಮಂಚದ ಕೆಳಗಿರುವ ಬೂಟು ಯಾವ ಒತ್ತಡವನ್ನೂ ಇಳಿಸುವುದಿಲ್ಲ.

ವೆಲ್ಲೂರಿನಿಂದ ಬಂದ ಪಾಠ

ಈ ಪ್ಲಾಸ್ಟರಿನ ಕಥೆಗೆ ನಮ್ಮ ಹೊಸೂರಿಗೆ ದೂರವಲ್ಲದ ವೆಲ್ಲೂರಿನ ನಂಟಿದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲು ತಾನಾಗಿ ಕೊಳೆತು ಉದುರುತ್ತದೆ ಅಂತ ಆಗ ಜನ ನಂಬಿದ್ದರು. ಬ್ರಾಂಡ್ ರೋಗಿಗಳ ದಿನಚರಿಯನ್ನೇ ಗಮನಿಸಿ, ಮಾಂಸ ಕೆಟ್ಟದ್ದಲ್ಲ, ನೋವು ತಿಳಿಯದೆ ಮತ್ತೆ ಮತ್ತೆ ಪೆಟ್ಟು ಬೀಳುವುದರಿಂದ ಹೀಗಾಗುತ್ತದೆ ಅಂತ ತೋರಿಸಿಕೊಟ್ಟರು. ಕಾಲಿನ ಹುಣ್ಣಿಗೆ ಪ್ಲಾಸ್ಟರ್ ಹಾಕಿ ಭಾರ ಇಳಿಸಿದರೆ ಅದೇ ಮಾಂಸ ಚೆನ್ನಾಗಿ ಮಾಯುತ್ತಿತ್ತು. ಅವರು ಆಮೇಲೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಾಗ ಈ ತಿಳಿವಳಿಕೆ ಜೊತೆಗೇ ಹೋಯಿತು, ಅಲ್ಲಿಂದ ಸಕ್ಕರೆ ಕಾಯಿಲೆಯ ಪಾದಗಳಿಗೂ ಬಂತು. ಕಾಯಿಲೆ ಬೇರೆ, ಆದರೆ ಸುದ್ದಿ ಕಳಿಸದ ನರ ಎರಡರಲ್ಲೂ ಒಂದೇ.

ಡಾಕ್ಟ್ರು ಗ್ರಾಫ್ ನೋಡಿ, ಹೆಜ್ಜೆಯ ಲೆಕ್ಕ ಕೇಳಿ, ದೊಡ್ಡಪ್ಪನನ್ನು ಬೈಯಲಿಲ್ಲ. "ರಾತ್ರಿ ಎದ್ದಾಗ ಯಾರಿಗೆ ಪಟ್ಟಿ ಕಟ್ಟೋಕೆ ನೆನಪಿರುತ್ತೆ?" ಅಂದರು. ಅದೇ ಬೂಟಿನ ಮೇಲೆ ಒಂದು ಸುರುಳಿ ಪ್ಲಾಸ್ಟರ್ ಸುತ್ತಿ ಬಿಚ್ಚಲು ಬಾರದ ಹಾಗೆ ಮಾಡಿಬಿಟ್ಟರು. ಇನ್ನೊಂದು ಕಾಲಿನ ಚಪ್ಪಲಿಗೆ ಅಡಿ ಏರಿಸಿದರು, ಇಲ್ಲದಿದ್ದರೆ ಎತ್ತರ ಹೆಚ್ಚುಕಡಿಮೆಯಾಗಿ ಬೀಳಬಹುದು. ಮೂರನೇ ದಿನ ಬರಲು ಹೇಳಿದರು. ಬಾವು ಇಳಿದು ಬೂಟು ಸಡಿಲವಾದರೆ ಒಳಗೆ ಉಜ್ಜಿ ಹೊಸ ಹುಣ್ಣಾಗುತ್ತದೆ, ಅದೂ ಕಾಲಿಗೆ ತಿಳಿಯದು. ಅಲ್ಲಿಂದ ವಾರಕ್ಕೊಮ್ಮೆ ಕತ್ತರಿಸಿ ತೆಗೆದು, ಗಾಯ ತೊಳೆದು, ಜಡ್ಡು ಹೆರೆದು, ತೆಳು ಡ್ರೆಸ್ಸಿಂಗ್ ಇಟ್ಟು ಮತ್ತೆ ಸುತ್ತಿದರು. ಜ್ವರ, ದುರ್ವಾಸನೆ, ತೊಡೆಸಂದಿಯಲ್ಲಿ ಗಡ್ಡೆ, ಕಾರಣವಿಲ್ಲದೆ ಸಕ್ಕರೆ ಏರುವುದು, ಇದರಲ್ಲಿ ಒಂದು ಕಂಡರೂ ವಾರ ಕಾಯದೆ ಅದೇ ದಿನ ಬರಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟರು. ತೀವ್ರ ಸೋಂಕು ಇರುವ ಕಾಲಿಗೂ ರಕ್ತದ ಹರಿವು ತೀರಾ ಕಡಿಮೆ ಇರುವ ಕಾಲಿಗೂ ಹೀಗೆ ಮುಚ್ಚಿ ಕಟ್ಟುವುದಿಲ್ಲ. ಸಕ್ಕರೆಯ ಔಷಧಿ ಮೊದಲಿನಂತೆ ನಡೆಯಿತು.

ಈಗ ಪುಸ್ತಕದ ಎರಡನೇ ಪುಟ ನೋಡಿ. 374 ಇದ್ದದ್ದು ಒಂದು ವಾರಕ್ಕೆ 266. ಎರಡು ವಾರಕ್ಕೆ 165. ನಾಲ್ಕು ವಾರಕ್ಕೆ 9 ಉದ್ದ, 7 ಅಗಲ, ಅಂದರೆ 63. ನಾಲ್ಕು ವಾರದಲ್ಲಿ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ ಚಿಕಿತ್ಸೆಯಲ್ಲಿ ಏನೋ ತಪ್ಪಿದೆ ಅಂತ ಡಾಕ್ಟ್ರುಗಳು ಮತ್ತೆ ಮೊದಲಿಂದ ಹುಡುಕುತ್ತಾರೆ. ಇಲ್ಲಿ ಅರ್ಧ ಅಂದರೆ 187. ನಾವು ಅದನ್ನು ಎರಡೇ ವಾರದಲ್ಲಿ ದಾಟಿದ್ದೆವು. ಆರನೇ ವಾರ 12. ಎಂಟನೇ ವಾರ ಹುಡುಗಿ ಸೊನ್ನೆ ಬರೆದು ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು.

ಒಂದು ವಿಷಯ ನೀವು ಗಮನಿಸಿರಬಹುದು. ಮೊದಲ ಮೂರು ವಾರ ದಿನಾ ಡ್ರೆಸ್ಸಿಂಗ್ ಬದಲಾಯಿಸಿದಾಗ ಗಾಯ ಬೆಳೆಯಿತು. ಕೊನೆಯ ಎಂಟು ವಾರ ವಾರಕ್ಕೆ ಒಂದೇ ಸಲ ಬದಲಾಯಿಸಿದಾಗ ಮಾಯಿತು. ಡ್ರೆಸ್ಸಿಂಗ್ ಗಾಯವನ್ನು ಚೊಕ್ಕಟವಾಗಿ, ತೇವವಾಗಿ ಇಡುತ್ತದೆ. ಅದು ಬೇಕೇ ಬೇಕು. ಆದರೆ ಅದರ ಮೇಲೆ ನಡೆದರೆ ಯಾವ ಡ್ರೆಸ್ಸಿಂಗೂ ನಿಲ್ಲುವುದಿಲ್ಲ.

ಮುಚ್ಚಿದ ಮೇಲೆ

ಸೊನ್ನೆ ಬರೆದ ದಿನ ದೊಡ್ಡಪ್ಪ ಹಳೆಯ ಚಪ್ಪಲಿ ಹುಡುಕಿದರು. ಅದು ಸಿಗಲಿಲ್ಲ, ದೊಡ್ಡಮ್ಮ ಎಸೆದಿದ್ದರು. ಮುಚ್ಚಿದ ಚರ್ಮ ಇನ್ನೂ ಎಳೆಯದು, ನರ ಮೊದಲಿನಂತೆಯೇ ಸುಮ್ಮನಿದೆ, ಮೂಳೆ ಅಲ್ಲೇ ಚಾಚಿದೆ. ಮಾಯಿದವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಒಂದು ವರ್ಷದೊಳಗೆ ಹುಣ್ಣು ಮತ್ತೆ ಬರುತ್ತದೆ. ಆದ್ದರಿಂದ ಈಗ ಅವರಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಒಳಪದರವಿರುವ, ಹಿಂದೆ ಪಟ್ಟಿ ಇರುವ ಚಪ್ಪಲಿ. ಮನೆಯೊಳಗೂ ಅದೇ. ಜಡ್ಡು ಮತ್ತೆ ಕಟ್ಟಿದರೆ ಹೆರೆಸಲು ಆಸ್ಪತ್ರೆಗೆ ಹೋಗುತ್ತಾರೆ.

ಗ್ರಾಫ್ ಪುಸ್ತಕ ಮುಗಿದರೂ ಹುಡುಗಿಯ ಕೆಲಸ ಮುಗಿದಿಲ್ಲ. ರಾತ್ರಿ ಊಟವಾದ ಮೇಲೆ ತಾತನ ಅಂಗಾಲು, ಬೆರಳ ಸಂದಿ ಎಲ್ಲ ನೋಡುತ್ತಾಳೆ. ಕೆಂಪಾಗಿದೆಯಾ, ಬಿಸಿಯಾಗಿದೆಯಾ, ಗುಳ್ಳೆ ಇದೆಯಾ ಅಂತ. ಬೆಳಗ್ಗೆ ಅವರು ಚಪ್ಪಲಿ ಮೆಟ್ಟುವ ಮುಂಚೆ ಅದನ್ನು ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈಯಾಡಿಸಿ ಕೊಡುತ್ತಾಳೆ. ಕಳೆದ ತಿಂಗಳು ಅದರೊಳಗಿಂದ ಒಂದು ಗುಲಾಬಿ ಮುಳ್ಳು ಸಿಕ್ಕಿತಂತೆ. ತಾತನ ಕಾಲಿಗೆ ತಿಳಿಯದೆ ಹೋಗುತ್ತಿದ್ದದ್ದು ಮೊಮ್ಮಗಳ ಬೆರಳಿಗೆ ತಿಳಿಯಿತು.

ಮಾಡಿ ನೋಡಿ: ಒದ್ದೆ ಪಾದವನ್ನು ಗ್ರಾಫ್ ಹಾಳೆಯ ಮೇಲೆ ಊರಿ, ನೆನೆದ ಚದರ ಸೆಂಟಿಮೀಟರುಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚು ನೆನೆದ ಚೌಕವನ್ನು ಒಂದು ಅಂತ ಹಿಡಿಯಿರಿ. ಒಂದೇ ಕಾಲ ಮೇಲೆ ನಿಂತಾಗ ನಿಮ್ಮ ತೂಕ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಬೀಳುತ್ತದೆ? ಈಗ ಹಿಮ್ಮಡಿ ಎತ್ತಿ ಮುಂಗಾಲಲ್ಲಿ ನಿಂತು ಇನ್ನೊಂದು ಅಚ್ಚು ತೆಗೆಯಿರಿ. ಒತ್ತಡ ಎಷ್ಟು ಪಟ್ಟು ಹೆಚ್ಚಾಯಿತು? ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಇದ್ದರೆ ಅವರ ಕೈಲಿ ಇದನ್ನು ಮಾಡಿಸಬೇಡಿ. ಅವರ ಚಪ್ಪಲಿಯೊಳಗೆ ಕೈಯಾಡಿಸಿ ನೋಡಿ.